ನಿಂತ ಮೆಷಿನ್ನಿನ ಲೆಕ್ಕ

ಕೈಗಾರಿಕಾ ಬಡಾವಣೆಯ ಒಳರಸ್ತೆಯಲ್ಲಿರುವ ಶೀಟಿನ ಶೆಡ್ ಅದು. ಒಳಗೆ ನಾಲ್ಕು ಸಿಎನ್‌ಸಿ ಲೇಥ್‌ಗಳಿವೆ. ಇಲ್ಲಿ ಉಕ್ಕಿನ ಬುಷ್, ಪಿನ್, ಫ್ಲ್ಯಾಂಜ್‌ಗಳನ್ನು ಕಡೆದು ದೊಡ್ಡ ಕಾರ್ಖಾನೆಗಳಿಗೆ ಕೊಡುತ್ತಾರೆ. ಒಂದು ಬುಷ್‌ಗೆ ಹಿಡಿದ ಉಕ್ಕು, ಆಪರೇಟರ್ ಕೂಲಿ ಎಷ್ಟೆಂದು ಯಾರು ಬೇಕಾದರೂ ಹೇಳಬಹುದು. ಬಾಡಿಗೆ, ಸವಕಳಿ, ಕರೆಂಟು, ಸೂಪರ್‌ವೈಸರ್ ಸಂಬಳ ಆ ಬುಷ್‌ನೊಳಗೆ ಹೇಗೆ ಸೇರುತ್ತವೆ? ಅದನ್ನು ನೋಡಲೆಂದೇ ಒಳಗೆ ಹೋದೆ.

ಬಾಗಿಲ ಪಕ್ಕದಲ್ಲೇ ಮೀಟರ್ ಬೋರ್ಡು. ಕರೆಂಟ್ ಬಿಲ್ಲಿನಲ್ಲಿ ಎರಡು ಭಾಗ ಇರುತ್ತದೆ ಎಂದು ಸೂಪರ್‌ವೈಸರ್ ತೋರಿಸಿದರು. ಮಂಜೂರಾದ ಲೋಡಿನ ಮೇಲೆ ಬೀಳುವ ನಿಗದಿತ ಶುಲ್ಕ ಮೆಷಿನ್ ಓಡಿದರೂ ಒಂದೇ, ನಿಂತರೂ ಒಂದೇ. ಯೂನಿಟ್ ಲೆಕ್ಕದ ಮೊತ್ತ ಮಾತ್ರ ಓಟಕ್ಕೆ ತಕ್ಕಂತೆ ಏರಿಳಿಯುತ್ತದೆ. ಒಂದೇ ಬಿಲ್ಲಿನೊಳಗೆ ಸ್ಥಿರ ಖರ್ಚೂ ಇದೆ, ಬದಲಾಗುವ ಖರ್ಚೂ ಇದೆ. ಈ ಭೇದ ಎಷ್ಟು ದೂರ ಹೋಗುತ್ತದೆಂದು ನನಗೆ ಆಗ ಹೊಳೆದಿರಲಿಲ್ಲ.

ಮುಂದೆ ಮೆಷಿನ್ನುಗಳ ಸಾಲು. ನಾನು ಹೋದಾಗ ಮೂರು ಓಡುತ್ತಿದ್ದವು, ಒಂದರ ಬಾಗಿಲು ತೆರೆದಿತ್ತು. ಅದು ಕೆಟ್ಟಿದೆಯೋ, ಸೆಟ್ಟಿಂಗ್ ನಡೆದಿದೆಯೋ, ಕೆಲಸವೇ ಇಲ್ಲವೋ, ನೋಡಿದರೆ ತಿಳಿಯುವಂತಿರಲಿಲ್ಲ. ಪ್ರತಿ ಮೆಷಿನ್ನಿಗೂ ಒಂದು ಲಾಗ್ ಪುಸ್ತಕ ತೂಗುಹಾಕಿದ್ದಾರೆ. ಯಾವ ಜಾಬ್, ಎಷ್ಟು ಗಂಟೆ ಓಡಿತು, ನಿಂತಿದ್ದರೆ ಯಾಕೆ ನಿಂತಿತು ಎಂಬುದನ್ನು ಶಿಫ್ಟ್ ಮುಗಿದಾಗ ಆಪರೇಟರ್ ಬರೆಯಬೇಕು. ಒಬ್ಬ ಆಪರೇಟರ್ ಎರಡು ಮೆಷಿನ್ ನೋಡಿಕೊಳ್ಳುವ ಜಾಗ ಇದು. ಹಾಗಾಗಿ ಕೂಲಿ ಗಂಟೆಯ ಬದಲು ಮೆಷಿನ್ ಗಂಟೆಯನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಖರ್ಚಿನ ಹೆಚ್ಚಿನ ಪಾಲು ಮೆಷಿನ್ನಿನ ಸುತ್ತಲೇ ಇರುವುದರಿಂದ ಇದು ಸರಿಯೆನಿಸಿತು.

ಶೆಡ್ಡಿನ ಕೊನೆಯಲ್ಲಿ ಗಾಜಿನ ಕೋಣೆ. ಲೆಕ್ಕ ನೋಡುವವರು ವರ್ಷದ ಆರಂಭದಲ್ಲಿ ಮಾಡಿದ ಅಂದಾಜಿನ ಹಾಳೆಯನ್ನು ಮುಂದಿಟ್ಟರು. ಶೆಡ್ ಬಾಡಿಗೆ, ಮೆಷಿನ್ ಸವಕಳಿ, ಸೂಪರ್‌ವೈಸರ್ ಮತ್ತು ತಪಾಸಣೆಯವರ ಸಂಬಳ, ವಿಮೆ, ಕರೆಂಟಿನ ನಿಗದಿತ ಶುಲ್ಕ ಎಲ್ಲ ಸೇರಿ ಸ್ಥಿರ ಖರ್ಚು 27,00,000 ರೂಪಾಯಿ. ಯೂನಿಟ್ ಕರೆಂಟು, ಕೂಲೆಂಟ್, ಇನ್ಸರ್ಟುಗಳಂಥ ಬದಲಾಗುವ ಖರ್ಚು 9,00,000. ಒಟ್ಟು 36,00,000. ಬ್ಯಾಂಕ್ ಸಾಲದ ಬಡ್ಡಿ, ಮಾರಾಟದ ಓಡಾಟ ಇದರಲ್ಲಿಲ್ಲ. ಅವು ಕಾರ್ಖಾನೆಯ ಓವರ್‌ಹೆಡ್ ಅಲ್ಲವೆಂದು ಬೇರೆಯಾಗಿಟ್ಟಿದ್ದಾರೆ.

ಇದನ್ನು ಭಾಗಿಸುವುದು ಯಾವ ಸಂಖ್ಯೆಯಿಂದ? ನಾಲ್ಕು ಮೆಷಿನ್, ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಎಂದರೆ 19,200 ಗಂಟೆ. ಅಷ್ಟು ಓಟ ಯಾರಿಗೂ ಸಿಗುವುದಿಲ್ಲ. ಸೆಟ್ಟಿಂಗ್, ಸರ್ವಿಸ್, ಕರೆಂಟ್ ಕಡಿತಗಳನ್ನು ಕಳೆದು, ಹಿಂದಿನ ಕೆಲವು ವರ್ಷಗಳ ಅನುಭವ ನೋಡಿ 15,000 ಎಂದು ಹಿಡಿದಿದ್ದಾರೆ. 14,000 ಯಾಕಲ್ಲ ಎಂದು ಕೇಳಿದೆ. “ಅಂದಾಜೇ ಸಾರ್. ಆದರೆ ಒಂದು ಸಲ ಹಿಡಿದ ಮೇಲೆ ವರ್ಷದ ಮಧ್ಯೆ ಮುಟ್ಟಲ್ಲ” ಎಂದರು. ಸೆಟ್ಟಿಂಗ್ ಸಮಯವನ್ನು ಇಲ್ಲಿ ಕಳೆದಿರುವುದರಿಂದ ಜಾಬಿಗೆ ಹಾಕುವ ಗಂಟೆಯಲ್ಲೂ ಅದನ್ನು ಸೇರಿಸುವುದಿಲ್ಲ. ಎರಡು ಕಡೆ ಎರಡು ರೀತಿ ಮಾಡಿದರೆ ದರವೇ ಸುಳ್ಳಾಗುತ್ತದೆ.

36,00,000 ಭಾಗಿಸು 15,000, ಗಂಟೆಗೆ 240 ರೂಪಾಯಿ. ಇದೇ ಅವರ ಓವರ್‌ಹೆಡ್ ಅಬ್ಸಾರ್ಪ್ಷನ್ ರೇಟ್. ಅದರೊಳಗೆ 180 ರೂಪಾಯಿ ಸ್ಥಿರ ಖರ್ಚಿನದು, 60 ಬದಲಾಗುವ ಖರ್ಚಿನದು. ಆರು ನಿಮಿಷಕ್ಕೊಂದು ತಯಾರಾಗುವ ಬುಷ್ ಗಂಟೆಗೆ ಹತ್ತು ಆಗುತ್ತದೆ. ಹಾಗಾಗಿ ಒಂದೊಂದು ಬುಷ್ 24 ರೂಪಾಯಿ ಓವರ್‌ಹೆಡ್ ಹೊತ್ತುಕೊಳ್ಳುತ್ತದೆ.

ಆಮೇಲೆ ವರ್ಷ ಮುಗಿದ ಮೇಲಿನ ಹಾಳೆ ತೆಗೆದರು. ನಿಜವಾಗಿ ಆದ ಖರ್ಚು 35,40,000. ಅಂದಾಜಿಗಿಂತ 60,000 ಕಡಿಮೆ. ಉಳಿತಾಯವಾಯಿತಲ್ಲ ಎಂದುಕೊಂಡು ಮುಂದಿನ ಸಾಲು ಓದಿದೆ. ಮೆಷಿನ್ನುಗಳು ಓಡಿದ್ದು 12,500 ಗಂಟೆ. 240ರಂತೆ ಜಾಬ್‌ಗಳು ಹೊತ್ತದ್ದು 30,00,000 ಮಾತ್ರ. ಉಳಿದ 5,40,000 ಯಾವ ಬುಷ್‌ಗೂ ಸೇರಲಿಲ್ಲ. ಇದು ಅಂಡರ್ ಅಬ್ಸಾರ್ಪ್ಷನ್.

ಖರ್ಚು ಕಡಿಮೆಯಾಗಿಯೂ ಕೊರತೆ ಬಂದದ್ದು ಹೇಗೆ? ಅವರು ಹಾಳೆಯ ಅಂಚಿನಲ್ಲೇ ಬಿಡಿಸಿ ತೋರಿಸಿದರು. ಕಡಿಮೆ ಓಡಿದ್ದು 2,500 ಗಂಟೆ. ಆ ಗಂಟೆಗಳ ಕರೆಂಟು, ಕೂಲೆಂಟ್ ಖರ್ಚಾಗಲೇ ಇಲ್ಲ, ಅದರಿಂದ ನಷ್ಟವಿಲ್ಲ. ಆದರೆ ಬಾಡಿಗೆ, ಸವಕಳಿ ನಿಲ್ಲಲಿಲ್ಲ. 2,500 ಗಂಟೆಗೆ 180ರಂತೆ 4,50,000 ಹೊರುವವರಿಲ್ಲದೆ ಉಳಿಯಿತು. ಇನ್ನು 12,500 ಗಂಟೆಗೆ ಆಗಬೇಕಿದ್ದ ಖರ್ಚು ಎಷ್ಟು? ಸ್ಥಿರ 27,00,000, ಜೊತೆಗೆ ಗಂಟೆಗೆ 60ರಂತೆ 7,50,000, ಒಟ್ಟು 34,50,000. ಆದದ್ದು 35,40,000. ಅಂದರೆ ನಾನು ಉಳಿತಾಯವೆಂದು ಓದಿದ ಜಾಗದಲ್ಲಿ 90,000 ಹೆಚ್ಚು ಖರ್ಚಾಗಿತ್ತು. ಕಡಿಮೆ ಓಟಕ್ಕೆ ಖರ್ಚು ಇನ್ನೂ ಇಳಿಯಬೇಕಿತ್ತು.

ಲಾಗ್ ಪುಸ್ತಕಗಳ ಪಕ್ಕ ಆ ಹಾಳೆಯಿಟ್ಟು ನೋಡಿದಾಗ ಕಾರಣ ಇನ್ನಷ್ಟು ಬಿಚ್ಚಿಕೊಂಡಿತು. ಆ 2,500ರಲ್ಲಿ 1,600 ಗಂಟೆ ಆರ್ಡರ್ ಇಲ್ಲದೆ ಹೋದವು, 200 ಗಂಟೆ ಉಕ್ಕು ಬರುವುದು ತಡವಾಗಿ. ಉಳಿದ 700 ಗಂಟೆ ಒಂದು ಮೆಷಿನ್ನಿನ ಸ್ಪಿಂಡಲ್ ಕೆಟ್ಟು ರಿಪೇರಿಗೆ ಹೋದ ಕಾಲ. ಹೆಚ್ಚಾದ 90,000ದಲ್ಲೂ ಜನರೇಟರಿನ ಡೀಸೆಲ್ 25,000, ಅದೇ ಸ್ಪಿಂಡಲ್ ರಿಪೇರಿ 65,000. ಬಿಲ್ಲಿನಲ್ಲಿ 65,000 ಕಾಣುವ ಆ ರಿಪೇರಿ, ನಿಂತ 700 ಗಂಟೆಯ 1,26,000 ಸೇರಿಸಿದರೆ 1,91,000ದ ಪೆಟ್ಟು. ನಿಂತ ಗಂಟೆಗಳಿಗೆ ಯಾರೂ ಬಿಲ್ ಕಳಿಸುವುದಿಲ್ಲವಾದ್ದರಿಂದ ಈ ಪಾಲು ಲಾಗ್ ಪುಸ್ತಕವಿಲ್ಲದಿದ್ದರೆ ಸಿಗುತ್ತಲೇ ಇರಲಿಲ್ಲ. ಆ ಪುಸ್ತಕವನ್ನು ಆಪರೇಟರುಗಳು ಎಷ್ಟು ನಿಖರವಾಗಿ ತುಂಬುತ್ತಾರೋ ನಾನು ಪರೀಕ್ಷಿಸಿಲ್ಲ. ‘ಆರ್ಡರ್ ಇಲ್ಲ’ ಮತ್ತು ‘ಉಕ್ಕು ಇಲ್ಲ’ದ ನಡುವಿನ ಗೆರೆ ತೆಳುವಾಗಿಯೇ ಇರಬಹುದು.

ಹೊರಬರುವ ದಾರಿಯಲ್ಲಿ ಸ್ಟೋರ್. ಕ್ರೇಟುಗಳಲ್ಲಿ ಮಾರಾಟವಾಗದ ಬುಷ್‌ಗಳು ತುಂಬಿದ್ದವು. ಹೊರದೆ ಉಳಿದ 5,40,000ವನ್ನು ಇವುಗಳ ಮೇಲೂ ಹಂಚಬಹುದಲ್ಲ ಎಂದು ಕೇಳಿದೆ. ಹಂಚಿದರೆ ದಾಸ್ತಾನಿನ ಬೆಲೆ ಏರಿ ಈ ವರ್ಷದ ನಷ್ಟ ಮರೆಯಾಗುತ್ತದೆ. ಭಾರತದ ಲೆಕ್ಕಪತ್ರ ಮಾನದಂಡ, ದಾಸ್ತಾನಿಗೆ ಸಂಬಂಧಿಸಿದ ಎಎಸ್ 2, ಅದನ್ನು ಒಪ್ಪುವುದಿಲ್ಲ. ಉತ್ಪಾದನೆ ಕಡಿಮೆಯಾಯಿತೆಂದು ಒಂದು ವಸ್ತುವಿನ ಮೇಲೆ ಹಾಕುವ ಸ್ಥಿರ ಓವರ್‌ಹೆಡ್ ಹೆಚ್ಚಿಸಬಾರದು, ಹಂಚಿಕೆಯಾಗದೆ ಉಳಿದದ್ದು ಆ ವರ್ಷದ ಖರ್ಚಾಗಬೇಕು ಎನ್ನುತ್ತದೆ. ಹಾಗಾಗಿ ನಿಂತ ಗಂಟೆಗಳ 4,50,000 ನೇರ ಲಾಭ–ನಷ್ಟದ ಖಾತೆಗೆ ಹೋಯಿತು. ರಿಪೇರಿ, ಡೀಸೆಲ್‌ನ 90,000ವನ್ನೂ ಮಾಮೂಲಲ್ಲದ ಖರ್ಚೆಂದು ಅಲ್ಲಿಗೇ ಹಾಕಿದ್ದಾರೆ.

ಮುಂದಿನ ವರ್ಷದ ದರ ಇನ್ನೂ ತೀರ್ಮಾನವಾಗಿಲ್ಲ. 35,40,000ವನ್ನು ಓಡಿದ 12,500 ಗಂಟೆಗೇ ಭಾಗಿಸಿದರೆ ಗಂಟೆಗೆ 283 ರೂಪಾಯಿ ದಾಟುತ್ತದೆ, ಬುಷ್ ಒಂದಕ್ಕೆ ನಾಲ್ಕು ರೂಪಾಯಿ ಹೆಚ್ಚು. ಆ ಬೆಲೆಗೆ ಕೊಟೇಶನ್ ಕೊಟ್ಟರೆ ಇನ್ನಷ್ಟು ಆರ್ಡರ್ ಕೈತಪ್ಪಬಹುದು, ಆಗ ಗಂಟೆ ಮತ್ತೆ ಇಳಿದು ದರ ಮತ್ತೆ ಏರಬೇಕಾಗುತ್ತದೆ. ಸ್ಪಿಂಡಲ್ ರಿಪೇರಿಯಾಗಿ ಮೆಷಿನ್ ಬಂದಿದೆ, ಆ 700 ಗಂಟೆ ಮರಳಿ ಸಿಗಬಹುದು. ಆರ್ಡರ್ ಇಲ್ಲದ 1,600 ಗಂಟೆ ಒಂದು ವರ್ಷದ ಮಂದಗತಿಯೋ, ಕಾಯಂ ಕುಸಿತವೋ ಎಂಬುದರ ಮೇಲೆ ದರ ನಿಂತಿದೆ. ಕಾಯಂ ಆದರೆ 15,000 ಎಂಬ ಅಂದಾಜನ್ನೇ ಇಳಿಸಬೇಕು, ಇಲ್ಲವೇ ಒಂದು ಮೆಷಿನ್ ಮಾರಬೇಕು. ಅಲ್ಲಿಯವರೆಗೆ 240ಕ್ಕೇ ಕೊಟೇಶನ್ ಹೋಗುತ್ತಿದೆ.