ಅಧ್ಯಕ್ಷರ ಮಾತಿಗೆ ಜೀವ ಬರುವುದು ಹೇಗೆ?

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಸಹಕಾರ ಸಂಘಗಳ ಸದಸ್ಯರ ಮನೆಗೆ ವಾರ್ಷಿಕ ವರದಿ ಬರುತ್ತದೆ. ಅದರಲ್ಲಿ ಅಢಾವೆ ಪತ್ರಿಕೆಯನ್ನು ಓದಿ ಅರ್ಥಮಾಡಿಕೊಳ್ಳುವವರು ಕಡಿಮೆ. ಹೆಚ್ಚಿನವರು ಓದುವುದು ಮೊದಲ ಪುಟದ ‘ಅಧ್ಯಕ್ಷರ ಮಾತು’. ತಮ್ಮ ಠೇವಣಿ ಭದ್ರವಾಗಿದೆಯೇ, ಸಂಘ ಯಾವ ಕಡೆಗೆ ಹೊರಟಿದೆ ಎಂಬುದನ್ನು ಅವರು ಅಲ್ಲಿಂದಲೇ ತಿಳಿಯಬೇಕು. ಹಾಗಾಗಿ ಆ ಪತ್ರವನ್ನು ತಿದ್ದುವವರು ಭಾಷೆಯ ಜೊತೆಗೆ ಲೆಕ್ಕವನ್ನೂ ನೋಡಲೇಬೇಕು.

ಒಂದು ಪತ್ತಿನ ಸಹಕಾರ ಸಂಘದ ಉದಾಹರಣೆ ಕಟ್ಟಿಕೊಂಡು ನೋಡೋಣ. ಕರಡು ಪತ್ರದಲ್ಲಿ ಹೀಗೊಂದು ವಾಕ್ಯವಿದೆ: ‘ಸದಸ್ಯರ ಅಭೂತಪೂರ್ವ ಸಹಕಾರದಿಂದ ಸಂಘವು ಸರ್ವತೋಮುಖ ಪ್ರಗತಿ ಸಾಧಿಸಿದ್ದು, ಸುಸ್ತಿ ಸಾಲಗಳ ವಸೂಲಾತಿಗೆ ಅಗತ್ಯ ಕ್ರಮಗಳನ್ನು ಕೈಗೊಳ್ಳಲಾಗುತ್ತಿದೆ ಎಂದು ತಿಳಿಸಲು ಹರ್ಷಿಸುತ್ತೇನೆ.’ ಈ ಸಂಘದ ಹೆಸರು ತೆಗೆದು ಪಕ್ಕದ ಊರಿನ ಸಂಘದ ಹೆಸರು ಹಾಕಿದರೂ ವಾಕ್ಯ ಹಾಗೇ ಕೂರುತ್ತದೆ. ಅಂದರೆ ಅದು ಈ ಸಂಘದ ಬಗ್ಗೆ ಏನನ್ನೂ ಹೇಳಿಲ್ಲ. ಕರಡಿನ ಒಂದೊಂದು ವಾಕ್ಯವನ್ನೂ ಹೀಗೆ ಹೆಸರು ಬದಲಿಸಿ ಓದಿದರೆ, ಯಾವುದನ್ನು ಹೊಡೆದುಹಾಕಬೇಕು ಎಂಬುದು ಬೇಗ ಗೊತ್ತಾಗುತ್ತದೆ.

ಹೊಡೆದುಹಾಕಿದ ಜಾಗಕ್ಕೆ ಏನು ಬರಬೇಕು? ಅದಕ್ಕೆ ವರದಿಯ ಹಿಂದಿನ ಪುಟಗಳಿಗೆ ಹೋಗಬೇಕು. ಅಲ್ಲಿ ಒಟ್ಟು ಸಾಲ 12 ಕೋಟಿ ರೂಪಾಯಿ, ಸುಸ್ತಿ 96 ಲಕ್ಷ ಎಂದಿದೆ. ನೂರಕ್ಕೆ ಎಂಟು. ಹಿಂದಿನ ವರ್ಷ 10 ಕೋಟಿಗೆ 60 ಲಕ್ಷ, ಅಂದರೆ ನೂರಕ್ಕೆ ಆರಿತ್ತು. ಸಾಲ ಬೆಳೆದಿದೆ, ಸುಸ್ತಿ ಅದಕ್ಕಿಂತ ಜೋರಾಗಿ ಬೆಳೆದಿದೆ. ಈ ವರ್ಷದ ನಿಜವಾದ ಸುದ್ದಿ ಇದೇ.

ಈಗ ಅಧ್ಯಕ್ಷರ ಜೊತೆ ಕೂತು, ಕರಡನ್ನು ಪಕ್ಕಕ್ಕಿಟ್ಟು, ಮಾತಿನಲ್ಲೇ ಕೇಳಬೇಕು: ‘ಸುಸ್ತಿ ಯಾಕೆ ಏರಿತು ಸರ್? ಮುಂದಿನ ವರ್ಷ ಒಂದೇ ಒಂದು ಕೆಲಸ ಮಾಡೋದಾದ್ರೆ ಯಾವುದು ಮಾಡ್ತೀರಿ? ಅದಕ್ಕೋಸ್ಕರ ಯಾವುದನ್ನ ಬಿಡ್ತೀರಿ?’ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ‘ಅಂಗಡಿ ಸಾಲ ಕೊಡುವಾಗ ವ್ಯಾಪಾರದ ಲೆಕ್ಕ ಸರಿಯಾಗಿ ನೋಡಲಿಲ್ಲ ಕಣ್ರೀ. ಈ ವರ್ಷ ವಸೂಲಿನೇ ಮೊದಲು’ ಎಂದು ಅವರು ಹೇಳಿದರೆ ಪತ್ರದ ದನಿ ಸಿಕ್ಕಿತು. ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ವಾರ್ಷಿಕ ಪತ್ರವನ್ನು ಬರೆಯುವಾಗ ಸಹೋದರಿಯರಾದ ಡೋರಿಸ್ ಮತ್ತು ಬರ್ಟಿ ಎದುರಿಗಿದ್ದಾರೆಂದು ಭಾವಿಸಿಕೊಳ್ಳುತ್ತಿದ್ದರು. ಜಾಣರು, ಆದರೆ ಲೆಕ್ಕಪತ್ರದ ಪಂಡಿತರಲ್ಲ ಎಂಬುದು ಅವರು ಅದಕ್ಕೆ ಕೊಟ್ಟ ಕಾರಣ. ಆ ಪತ್ರಗಳನ್ನು 1977ರಿಂದ ದಶಕಗಳ ಕಾಲ ತಿದ್ದಿದವರು ‘ಫಾರ್ಚೂನ್’ ಪತ್ರಿಕೆಯ ಕ್ಯಾರಲ್ ಲೂಮಿಸ್.

ಆದ್ಯತೆ ನಿಜವೋ ಅಲ್ಲವೋ ಎಂಬುದು ಬಜೆಟ್‌ನಲ್ಲಿ ಕಾಣುತ್ತದೆ. ನಮ್ಮ ಉದಾಹರಣೆಯ ಕರಡಿನಲ್ಲಿ ಠೇವಣಿ ಹೆಚ್ಚಳ, ವಸೂಲಾತಿ, ಹೊಸ ಶಾಖೆ, ಸ್ವಂತ ಕಟ್ಟಡ, ಮೊಬೈಲ್ ಸೇವೆ ಎಲ್ಲವೂ ಆದ್ಯತೆಗಳೇ. ಬಜೆಟ್ ತೆರೆದರೆ ಕಟ್ಟಡಕ್ಕೆ 40 ಲಕ್ಷ ಇದೆ, ವಸೂಲಾತಿಗೆ ಬಿಡಿಗಾಸಿಲ್ಲ. ‘ವಸೂಲಿನೇ ಮೊದಲು’ ಎಂಬ ಮಾತಿಗೂ ಈ ಬಜೆಟ್‌ಗೂ ತಾಳೆಯಾಗುವುದಿಲ್ಲ. ಇಲ್ಲಿ ತಿದ್ದುವವರು ಜಾಣ ವಾಕ್ಯದಿಂದ ಬಿರುಕು ಮುಚ್ಚಬಾರದು. ಅಧ್ಯಕ್ಷರಿಗೆ ಎರಡೂ ಪುಟಗಳನ್ನು ತೋರಿಸಬೇಕು. ಬಜೆಟ್ ಬದಲಿಸುವುದೋ ಮಾತು ಬದಲಿಸುವುದೋ, ತೀರ್ಮಾನ ಆಡಳಿತ ಮಂಡಳಿಯದು.

ಮಂಡಳಿ ಕಟ್ಟಡವನ್ನು ಮುಂದೂಡಿತು ಎಂದುಕೊಳ್ಳಿ. ಆಗ ಪತ್ರ ಹೀಗಾಗುತ್ತದೆ: ‘ನಾವು ಕೊಟ್ಟ 12 ಕೋಟಿ ರೂಪಾಯಿ ಸಾಲದಲ್ಲಿ 96 ಲಕ್ಷ ಸುಸ್ತಿಯಾಗಿದೆ. ಹೋದ ವರ್ಷ ನೂರಕ್ಕೆ ಆರಿದ್ದದ್ದು ಈಗ ಎಂಟಾಗಿದೆ. ಅಂಗಡಿ ಸಾಲ ಕೊಡುವಾಗ ವ್ಯಾಪಾರದ ಲೆಕ್ಕವನ್ನು ನಾವು ಸರಿಯಾಗಿ ನೋಡಲಿಲ್ಲ. ಈ ವರ್ಷ ವಸೂಲಿಯೇ ನಮ್ಮ ಮೊದಲ ಕೆಲಸ. ಅದಕ್ಕೆ ಇಬ್ಬರನ್ನು ನೇಮಿಸಲು ಬಜೆಟ್‌ನಲ್ಲಿ ಹಣ ಇಟ್ಟಿದ್ದೇವೆ. ಕಟ್ಟಡವನ್ನು ಒಂದು ವರ್ಷ ಮುಂದೂಡಿದ್ದೇವೆ.’ ‘ಕೈಗೊಳ್ಳಲಾಗುತ್ತಿದೆ’ ಹೋಗಿ ‘ಇಟ್ಟಿದ್ದೇವೆ’ ಬಂದಾಗ, ಕೆಲಸಕ್ಕೆ ಯಾರು ಹೊಣೆ ಎಂಬುದೂ ತಿಳಿಯುತ್ತದೆ.

ತಿದ್ದುವವರಿಗೆ ಕೆಲವು ಗಡಿಗಳೂ ಇವೆ. ಅಂಕಿಗಳು ಲೆಕ್ಕಪರಿಶೋಧನೆಯಾದ ಪುಟದಲ್ಲಿದ್ದಂತೆಯೇ ಇರಬೇಕು. ಸುಸ್ತಿದಾರರ ಹೆಸರಾಗಲಿ ಗುರುತು ಸಿಗುವ ವಿವರವಾಗಲಿ ಪತ್ರದಲ್ಲಿ ಬರಬಾರದು. ಮಂಡಳಿ ಒಪ್ಪದ ಭರವಸೆಯನ್ನು ಓದಲು ಚೆನ್ನಾಗಿದೆ ಎಂದು ಸೇರಿಸಬಾರದು. ಕೊನೆಗೆ ಅಧ್ಯಕ್ಷರೇ ಪತ್ರವನ್ನು ಗಟ್ಟಿಯಾಗಿ ಓದಲಿ. ಅವರು ತಡವರಿಸಿದ ಕಡೆ ಇನ್ನೊಮ್ಮೆ ತಿದ್ದಬೇಕು. ಮುಂದಿನ ವರ್ಷದ ಕರಡಿಗೆ ಕೂರುವ ಮುನ್ನ ಈ ಪತ್ರವನ್ನೇ ತೆಗೆದು, ನೂರಕ್ಕೆ ಎಂಟು ಎಷ್ಟಕ್ಕೆ ಬಂತು ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಬೇಕು. ಇಳಿದಿದ್ದರೂ ಸರಿ, ಏರಿದ್ದರೂ ಸರಿ, ಸದಸ್ಯರಿಗೆ ಆ ಉತ್ತರ ಸಲ್ಲಬೇಕು.