ಸೈಕಲ್ಲಿನ ಕೆಂಪು ರಿಫ್ಲೆಕ್ಟರ್

ಪ್ರಶ್ನೆ: ಸೈಕಲ್ಲಿನ ರಿಫ್ಲೆಕ್ಟರ್ ಬೆಳಕನ್ನು ಬಂದ ಕಡೆಗೇ ಹೇಗೆ ಮರಳಿಸುತ್ತದೆ?

ಒಡೆದ ರಿಫ್ಲೆಕ್ಟರೊಂದು ಸಿಕ್ಕರೆ ಅದರ ಒಳಮೈ ಸವರಿ ನೋಡಿ, ಸಣ್ಣ ಸಣ್ಣ ಮೊನೆಗಳು ಬೆರಳಿಗೆ ತಾಗುತ್ತವೆ. ಒಂದೊಂದೂ ಪೆಟ್ಟಿಗೆಯ ಮೂಲೆಯಿದ್ದಂತೆ: ಮೂರು ಮುಖಗಳು, ಒಂದಕ್ಕೊಂದು 90 ಡಿಗ್ರಿ. ಕೋಣೆಯ ಮೂಲೆಗೆ ಎಸೆದ ಚೆಂಡನ್ನು ನೆನೆಯಿರಿ. ಒಂದು ಗೋಡೆ ಅದರ ಎಡ-ಬಲದ ಚಲನೆಯನ್ನಷ್ಟೇ ತಿರುಗಿಸುತ್ತದೆ, ಇನ್ನೊಂದು ಗೋಡೆ ಹಿಂದು-ಮುಂದಿನದನ್ನು, ನೆಲ ಮೇಲು-ಕೆಳಗಿನದನ್ನು. ಬೆಳಕಿಗೂ ಹೀಗೆಯೇ: ಕಿರಣದ ದಿಕ್ಕು (a, b, c) ಆಗಿದ್ದರೆ ಮೂರು ಪ್ರತಿಫಲನಗಳ ನಂತರ (−a, −b, −c) ಆಗುತ್ತದೆ. ಅಂದರೆ ಕಿರಣ ತುಸು ಪಕ್ಕಕ್ಕೆ ಸರಿದು, ಬಂದ ದಾರಿಗೆ ಸಮಾನಾಂತರವಾಗಿ ಹಿಂದಿರುಗುತ್ತದೆ.

ಆದರೆ ಅಷ್ಟು ಕರಾರುವಾಕ್ಕಾಗಿ ಮರಳಿದರೆ ಬೆಳಕು ಹೆಡ್‌ಲೈಟಿಗೇ ಹೋದೀತು, ಅದಕ್ಕಿಂತ ಮೇಲಿರುವ ಚಾಲಕನ ಕಣ್ಣಿಗಲ್ಲ. ಹಾಗಾಗಿ ಇಂಥವೇ ಮೂಲೆಗಳಿರುವ ರಸ್ತೆಫಲಕದ ಹಾಳೆಗಳಲ್ಲಿ ಮರಳುವ ಬೆಳಕು ಕೊಂಚ ಹರಡುವಂತೆಯೇ ಅವನ್ನು ರೂಪಿಸುತ್ತಾರೆ.