ಸಪ್ಲೈಯರ್ ಬಿಲ್ ಕಳೆದುಹೋದರೆ

ಪೈಪ್ ಸಪ್ಲೈಯರ್ ಕೊಟ್ಟ 47,200 ರೂಪಾಯಿಯ ಬಿಲ್ ಕಳೆದುಹೋಗಿದೆ ಎನ್ನಿ. ಹೊಸ ಬಿಲ್ ಕೇಳಬೇಡಿ. ಹಳೆಯ ನಂಬರ್, ಹಳೆಯ ತಾರೀಖೇ ಇರುವ, ‘ನಕಲು ಪ್ರತಿ’ ಎಂದು ಬರೆದ ಕಾಪಿ ಕೇಳಿ. ನಂಬರ್ ಬದಲಾದರೆ ಒಂದೇ ಮಾಲಿಗೆ ಲೆಕ್ಕದಲ್ಲಿ ಎರಡು ಬಿಲ್ ಸೇರಿಬಿಡುತ್ತವೆ, ಎರಡು ಸಲ ಹಣ ಹೋಗುವುದು ಹೀಗೆಯೇ.

ಕಾಪಿ ಬಂತೆಂದು ಕೂಡಲೇ ಹಣ ಹಾಕಬೇಡಿ. ಆ ಸಪ್ಲೈಯರ್ ಲೆಡ್ಜರ್ ತೆರೆದು, ಇದೇ ಬಿಲ್ಲಿಗೆ ಮುಂಗಡವನ್ನೋ ಪೂರ್ತಿ ಹಣವನ್ನೋ ಕೊಟ್ಟಾಗಿದೆಯೇ ನೋಡಿ. ಮಾಲು ಇಳಿಸಿಕೊಂಡ ದಿನದ ಚಲನ್ ಜೊತೆ ಪೈಪುಗಳ ಎಣಿಕೆ ತಾಳೆಮಾಡಿ. ಜಿಎಸ್‌ಟಿ ಪೋರ್ಟಲ್‌ನ GSTR-2B ಪಟ್ಟಿಯಲ್ಲಿ ಅದೇ ನಂಬರ್, 40,000 ಮೌಲ್ಯ, 7,200 ತೆರಿಗೆ ಕಾಣಬೇಕು. ಕಾಪಿಯಲ್ಲಿ ಬ್ಯಾಂಕ್ ಖಾತೆ ಬೇರೆಯಿದ್ದರಂತೂ ಅದರಲ್ಲಿರುವ ಫೋನ್ ನಂಬರ್ ನಂಬಬೇಡಿ. ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರಿಗೇ ಕರೆಮಾಡಿ ಖಚಿತಪಡಿಸಿಕೊಳ್ಳಿ.